ಒಂದು ಬ್ರೇಕರ್‌ನ ಬಾಡಿಗೆ ಲೆಕ್ಕ

ಹಳೆಯ ಮನೆಯ ಬಚ್ಚಲಿನ ಟೈಲ್ಸ್ ಕಿತ್ತು ಹೊಸದು ಹಾಕಬೇಕು. ಮೇಸ್ತ್ರಿ ಬಂದು ನೋಡುತ್ತಾನೆ, ಕೆಳಗಿನ ಕಾಂಕ್ರೀಟನ್ನು ಕಾಲಿನಲ್ಲಿ ಒದ್ದು ನೋಡುತ್ತಾನೆ, ‘ಇದಕ್ಕೆ ಬ್ರೇಕರ್ ಬೇಕು ಸರ್’ ಎನ್ನುತ್ತಾನೆ. ಹತ್ತು ಹನ್ನೊಂದು ಕೆ.ಜಿ. ತೂಗುವ, ಗಟ್ಟಿ ಚಿಸೆಲ್ಲನ್ನು ಕಾಂಕ್ರೀಟಿಗೆ ಬಡಿಯುವ ಆ ಮೆಷಿನ್ನಿಗೆ ಹೆಚ್ಚೆಂದರೆ ಒಂದು ದಿನದ ಕೆಲಸ. ಮನೆಯವರು ಅದನ್ನು ಕೊಳ್ಳುವುದಿಲ್ಲ. ಮೇಸ್ತ್ರಿಯೂ ಕೊಳ್ಳುವುದಿಲ್ಲ, ಏಕೆಂದರೆ ಅವನಿಗೆ ಅದು ತಿಂಗಳಿಗೆ ಒಂದೆರಡು ದಿನ ಬಂದರೆ ಹೆಚ್ಚು. ತಾಲೂಕು ಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿಯ ಪಕ್ಕದ ಚಿಕ್ಕ ಮಳಿಗೆಯೊಂದು ಐದಾರು ಮೆಷಿನ್ ಇಟ್ಟುಕೊಂಡು ಬದುಕುವುದು ಇಂಥ ‘ಬೇಕು, ಆದರೆ ಕೊಳ್ಳುವಷ್ಟಲ್ಲ’ ಎನ್ನುವ ಸಾಮಾನುಗಳಿಂದ.

ಬಾಡಿಗೆ ವ್ಯಾಪಾರ ನಮಗೆ ಹೊಸದಲ್ಲ. ಮದುವೆಗೆ ಪಾತ್ರೆ, ಶಾಮಿಯಾನ, ಮನೆ ಕಟ್ಟುವಾಗ ಸೆಂಟ್ರಿಂಗ್ ಸಾಮಾನು, ಹುಡುಗರಿಗೆ ಗಂಟೆ ಲೆಕ್ಕದ ಸೈಕಲ್ ಎಲ್ಲವೂ ಬಾಡಿಗೆಗೇ ಬರುತ್ತಿದ್ದವು. ಆದರೆ ಕಡಿಮೆ ಬಂಡವಾಳದಲ್ಲಿ, ಕಡಿಮೆ ಸಾಮಾನಿನಲ್ಲಿ ಶುರು ಮಾಡುವವರಿಗೆ ಎಲ್ಲ ಸಾಮಾನೂ ಒಂದೇ ಅಲ್ಲ. ಶಾಮಿಯಾನ, ಕುರ್ಚಿಯದು ಮುಹೂರ್ತದ ವ್ಯಾಪಾರ. ಒಳ್ಳೆಯ ಲಗ್ನ ಇದ್ದ ದಿನ ಊರಿಗೆಲ್ಲ ಒಟ್ಟಿಗೇ ಬೇಕು, ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಕೇಳುವವರಿಲ್ಲ. ಐವತ್ತು ಕುರ್ಚಿಯಿಂದ ಯಾರ ಮದುವೆಯೂ ನಡೆಯುವುದಿಲ್ಲ, ನೂರಾರು ಬೇಕು, ಅವನ್ನಿಡಲು ಗೋದಾಮು ಬೇಕು, ಸಾಗಿಸಲು ಗಾಡಿ ಬೇಕು. ಕ್ಯಾಮೆರಾಕ್ಕೆ ಜಾಗ ಬೇಡ, ಆದರೆ ಒಂದು ಬಾಡಿ ಮತ್ತು ಎರಡು ಲೆನ್ಸ್ ಚೀಲದಲ್ಲಿ ಹೊರಟರೆ ಲಕ್ಷಕ್ಕೂ ಮಿಕ್ಕಿದ ಹಣ ಒಬ್ಬರ ಹೆಗಲ ಮೇಲೆ ಹೋದಂತೆ. ಪವರ್ ಟೂಲ್ಸ್ ಇವೆರಡರ ನಡುವೆ ನಿಲ್ಲುತ್ತದೆ. ಮೆಷಿನ್ ಒಂದೊಂದಾಗಿಯೇ ಬಾಡಿಗೆಗೆ ಹೋಗುತ್ತದೆ, ಬೈಕಿನಲ್ಲಿ ಒಯ್ಯಬಹುದು, ಮಳೆಗಾಲದಲ್ಲಿ ಸ್ವಲ್ಪ ಮಂಕಾದರೂ ವರ್ಷವಿಡೀ ಕೇಳಿಕೆ ಇರುತ್ತದೆ. ಹಾಗಾಗಿ ಲೆಕ್ಕ ಕಲಿಯಲು ಬ್ರೇಕರನ್ನೇ ಮುಂದಿಟ್ಟುಕೊಳ್ಳೋಣ.

ಮೊದಲು ಏನನ್ನು ಕೊಳ್ಳಬಾರದು ಎಂದು ತಿಳಿದಿರುವುದು ಒಳ್ಳೆಯದು. ಗೋಡೆಗೆ ತೂತು ಹಾಕುವ ಚಿಕ್ಕ ಡ್ರಿಲ್ಲನ್ನು ಇಂದು ಪ್ರತಿ ಎಲೆಕ್ಟ್ರಿಷಿಯನ್, ಪ್ಲಂಬರ್ ಸ್ವಂತಕ್ಕೆ ಇಟ್ಟುಕೊಂಡಿದ್ದಾನೆ. ನಾಲ್ಕಿಂಚಿನ ಗ್ರೈಂಡರ್‌ದೂ ಅದೇ ಕಥೆ. ಎರಡು ಮೂರು ದಿನದ ಕೂಲಿಯಲ್ಲಿ ಕೊಳ್ಳಬಹುದಾದ ಮೆಷಿನ್ ಬಾಡಿಗೆಗೆ ಹೋಗುವುದಿಲ್ಲ. ಹೋದರೂ ಅದನ್ನು ತೆಗೆದುಕೊಂಡು ಹೋಗುವವನು ಬಳಸಲು ಬಾರದವನೇ ಆಗಿರುವ ಸಂಭವ ಹೆಚ್ಚು. ಬ್ರೇಕರ್, ಪೈಪಿಗೆ ದುಂಡಗೆ ತೂತು ಕೊರೆಯುವ ಕೋರ್ ಕಟಿಂಗ್ ಮೆಷಿನ್, ವೈರಿಂಗ್‌ಗೆ ಗೋಡೆ ಸೀಳುವ ವಾಲ್ ಚೇಸರ್, ಮೋಲ್ಡ್ ಹಾಕುವಾಗಿನ ವೈಬ್ರೇಟರ್, ಇವು ಬಾಡಿಗೆಯ ಸಾಮಾನು. ಹತ್ತು ಬಗೆಯ ಮೆಷಿನ್ ಒಂದೊಂದು ತರುವುದಕ್ಕಿಂತ ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಬ್ರೇಕರ್ ತರುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೈಟಿನಲ್ಲಿ ಒಂದು ಕೆಟ್ಟರೆ ಇನ್ನೊಂದನ್ನು ಅರ್ಧ ಗಂಟೆಯಲ್ಲಿ ತಲುಪಿಸಬಹುದು, ಕಾರ್ಬನ್ ಮತ್ತು ಸ್ವಿಚ್ ಒಂದೇ ಜಾತಿಯದು ಸಾಕು, ಚಿಸೆಲ್ ಎರಡಕ್ಕೂ ಹೊಂದುತ್ತದೆ. ಮೇಸ್ತ್ರಿ ಬಾಡಿಗೆ ಕೊಡುವುದು ಮೆಷಿನ್ನಿಗಲ್ಲ, ಅಂದಿನ ಕೆಲಸ ನಿಲ್ಲದೆ ಮುಗಿಯುವುದಕ್ಕೆ.

ಈಗ ದರ. ಹೆಚ್ಚಿನವರು ಪಕ್ಕದ ಊರಿನ ದರ ಕೇಳಿ, ಅದರಲ್ಲಿ ನೂರು ರೂಪಾಯಿ ಇಳಿಸಿ ಬೋರ್ಡ್ ಹಾಕುತ್ತಾರೆ. ಪಕ್ಕದ ಊರಿನವನು ಯಾವ ಲೆಕ್ಕದಿಂದ ಆ ದರಕ್ಕೆ ಬಂದ ಎಂಬುದು ಅವರಿಗೂ ಗೊತ್ತಿರುವುದಿಲ್ಲ, ಒಮ್ಮೊಮ್ಮೆ ಅವನಿಗೂ ಗೊತ್ತಿರುವುದಿಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಬ್ರೇಕರ್‌ನ ಬೆಲೆ ₹30,000 ಎಂದಿಟ್ಟುಕೊಳ್ಳೋಣ. ಎರಡು ವರ್ಷ ದುಡಿಸಿ ₹6,000ಕ್ಕೆ ಮಾರುತ್ತೇವೆ ಎಂದರೆ ಸವೆದು ಹೋಗುವ ಅಸಲು ₹24,000. ತಿಂಗಳಿಗೆ ಹತ್ತು ದಿನ ಬಾಡಿಗೆಗೆ ಹೋದರೆ ಎರಡು ವರ್ಷಕ್ಕೆ 240 ದಿನ. ಅಲ್ಲಿಗೆ ದಿನವೊಂದಕ್ಕೆ ₹100 ಅಸಲಿನದು.

ಮೇಲೆ ರಿಪೇರಿ ಇದೆ. ಕಾರ್ಬನ್ ಆಗಾಗ ಬದಲಿಸಬೇಕು, ಒಳಗಿನ ಗ್ರೀಸ್ ಹೊಸದಾಗಿ ತುಂಬಬೇಕು, ವೈರ್ ಕುತ್ತಿಗೆಯ ಬಳಿ ಮುರಿಯುತ್ತದೆ, ಎರಡು ವರ್ಷದಲ್ಲಿ ಒಮ್ಮೆಯಾದರೂ ಆರ್ಮೇಚರ್ ಹೋಗುತ್ತದೆ. ವರ್ಷಕ್ಕೆ ₹9,000 ತೆಗೆದಿಟ್ಟರೆ ದಿನಕ್ಕೆ ₹75. ಮೆಷಿನ್ನೇ ವಾಪಸು ಬಾರದ ದಿನಕ್ಕಾಗಿ ವರ್ಷಕ್ಕೆ ಬೆಲೆಯ ಹತ್ತನೇ ಒಂದು ಪಾಲು, ಅಂದರೆ ದಿನಕ್ಕೆ ₹25. ಮಳಿಗೆ ಬಾಡಿಗೆ, ಕರೆಂಟಿನಲ್ಲಿ ಈ ಮೆಷಿನ್ನಿನ ಪಾಲು ದಿನಕ್ಕೆ ₹50. ಒಟ್ಟು ₹250 ಆಯಿತು. ಇದಲ್ಲದೆ ಪ್ರತಿ ಸಲ ಕೊಡುವಾಗ, ತೆಗೆದುಕೊಳ್ಳುವಾಗ ಫೋನು, ಬಿಲ್ಲು, ಪರೀಕ್ಷೆ, ಸಿಮೆಂಟ್ ದೂಳು ಊದಿ ತೆಗೆಯುವುದು ಎಂದು ಸುಮಾರು ಒಂದು ಗಂಟೆ ಹೋಗುತ್ತದೆ. ಅದಕ್ಕೆ ₹100 ಹಿಡಿಯಿರಿ. ಒಂದು ದಿನಕ್ಕೆ ಕೊಟ್ಟರೆ ನಮಗೆ ಬೀಳುವ ಖರ್ಚು ₹350. ದರ ₹700 ಇಟ್ಟರೆ ಅರ್ಧ ಉಳಿಯುತ್ತದೆ. ₹400 ಇಟ್ಟರೆ ಉಳಿಯುವುದು ಐವತ್ತು ರೂಪಾಯಿ.

ಅರ್ಧ ಉಳಿಯುತ್ತದೆ ಎಂದಾಗ ಅದು ಹೆಚ್ಚೆನಿಸಬಹುದು. ಅದಕ್ಕೇ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು, ಈ ಸಲ ತಿಂಗಳಿಗೆ ಹತ್ತು ದಿನದ ಬದಲು ಐದೇ ದಿನ ಹೋಯಿತು ಎಂದುಕೊಂಡು. ಅಸಲಿನ ಪಾಲು ₹200 ಆಗುತ್ತದೆ, ಕಳವಿನ ಪಾಲು ₹50, ಮಳಿಗೆಯದು ₹100. ರಿಪೇರಿ ಬಳಸಿದಷ್ಟೇ ಆದ್ದರಿಂದ ₹75 ಹಾಗೇ ಇರುತ್ತದೆ, ಕೈಗೆಲಸದ ನೂರೂ ಹಾಗೇ. ಒಟ್ಟು ₹525. ಈಗ ₹400 ದರದವನು ಪ್ರತಿ ಗಿರಾಕಿಗೂ ₹125 ಕೈಯಿಂದ ಕೊಡುತ್ತಿದ್ದಾನೆ, ₹700 ದರದವನು ಇನ್ನೂ ನಿಂತಿದ್ದಾನೆ. ಬೆಲೆ ಇಳಿಸಿದವನಿಗೆ ಇದು ಎರಡು ವರ್ಷ ಕಾಣಿಸುವುದಿಲ್ಲ. ಗಲ್ಲದಲ್ಲಿ ದಿನಾ ದುಡ್ಡು ಬೀಳುತ್ತಿರುತ್ತದೆ. ಹೊಸ ಮೆಷಿನ್ ಕೊಳ್ಳುವ ದಿನ ಆ ದುಡ್ಡು ಇರುವುದಿಲ್ಲ. ಆದ್ದರಿಂದ ಖರೀದಿಗೆ ಮುಂಚೆ ಕೇಳಬೇಕಾದ ಪ್ರಶ್ನೆ, ಐದೇ ದಿನ ಹೋದರೂ ತಡೆದುಕೊಳ್ಳುವ ದರವನ್ನು ಈ ಊರು ಕೊಡುತ್ತದೆಯೇ ಎಂಬುದು. ಕೊಡದಿದ್ದರೆ ಆ ಮೆಷಿನ್ ಈ ಊರಿಗಲ್ಲ.

ವಾರಕ್ಕೆ, ತಿಂಗಳಿಗೆ ಕೇಳುವವರು ಬರುತ್ತಾರೆ. ವಾರಕ್ಕೆ ಐದು ದಿನದ ಬಾಡಿಗೆ ತೆಗೆದುಕೊಳ್ಳುವುದು ನ್ಯಾಯ, ಏಕೆಂದರೆ ಕೈಗೆಲಸದ ಖರ್ಚು ಏಳು ಸಲದ ಬದಲು ಒಂದೇ ಸಲ. ತಿಂಗಳ ವಿಷಯದಲ್ಲಿ ಎಚ್ಚರ ಬೇಕು. ಎಂದಿನ ಹತ್ತು ದಿನದ ತಿಂಗಳಲ್ಲಿ ಈ ಬ್ರೇಕರ್ ₹7,000 ತರುತ್ತದೆ. ಒಬ್ಬನೇ ತಿಂಗಳಿಗೆ ಒಯ್ದರೆ ಅದು 26 ದಿನ ದುಡಿಯುತ್ತದೆ, ಎಂದರೆ ಹದಿನಾರು ದಿನದ ಹೆಚ್ಚಿನ ಸವೆತ. ರಿಪೇರಿಯ ಲೆಕ್ಕದಲ್ಲೇ ಅದು ₹1,200. ಅಂದಮೇಲೆ ₹8,200ಕ್ಕಿಂತ ಕೆಳಗೆ ಕೊಟ್ಟರೆ ಮೆಷಿನ್ನನ್ನು ಮನೆಯಲ್ಲಿ ಬಿಟ್ಟು ಎಂದಿನ ಗಿರಾಕಿಗಳಿಗೆ ಕೊಡುವುದೇ ಲಾಭ. ಮೇಲಾಗಿ ಆ ತಿಂಗಳು ಬರಿಗೈಲಿ ಹೋದ ಮೇಸ್ತ್ರಿಗಳು ಬೇರೆ ಅಂಗಡಿಯ ದಾರಿ ಕಲಿಯುತ್ತಾರೆ. ಕ್ಯಾಮೆರಾದಲ್ಲಿ ಈ ಮಾತು ಬೇರೆಯಾಗುತ್ತದೆ. ಲೆನ್ಸ್ ಹತ್ತು ದಿನ ಹೋದರೂ ಮೂವತ್ತು ದಿನ ಹೋದರೂ ಸವೆಯುವುದು ಅಷ್ಟಕ್ಕಷ್ಟೆ, ಅಲ್ಲಿ ದೀರ್ಘ ಬಾಡಿಗೆಗೆ ಧಾರಾಳವಾಗಿ ಇಳಿಸಬಹುದು. ಬಳಸಿದಷ್ಟೂ ಸವೆಯುವ ಸಾಮಾನಿಗೆ ರಿಯಾಯಿತಿ ಕಡಿಮೆ, ಇಟ್ಟರೂ ಹಳತಾಗುವ ಸಾಮಾನಿಗೆ ರಿಯಾಯಿತಿ ಹೆಚ್ಚು.

ದರದ ಲೆಕ್ಕವನ್ನು ಕೆಡಿಸುವುದು ಕಳವಿಗಿಂತ ಹೆಚ್ಚಾಗಿ ಸುಟ್ಟ ಮೋಟಾರು. ಬ್ರೇಕರ್ ಏಕೆ ಸುಡುತ್ತದೆ ಎಂದು ತಿಳಿಯದವನು ಬಾಡಿಗೆಗೆ ಕೊಡಬಾರದು. ಮೊದಲ ಕಾರಣ ಸೈಟಿನ ಎಕ್ಸ್‌ಟೆನ್ಷನ್ ಬಾಕ್ಸ್. 1,500 ವಾಟಿನ ಮೆಷಿನ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಟೇಬಲ್ ಫ್ಯಾನಿಗೆ ಹಾಕುವಂಥ ತೆಳು ವೈರನ್ನು ಮೂವತ್ತು ಮೀಟರ್ ಎಳೆದು ಅದಕ್ಕೆ ಬ್ರೇಕರ್ ಚುಚ್ಚಿದರೆ, ಮೊದಲೇ ಇಳಿದಿರುವ ಹಳ್ಳಿಯ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಮೋಟಾರ್ ನಿಧಾನವಾಗುತ್ತದೆ, ಅದೇ ದಂಡಕ್ಕೆ ಕೂಡಿಸಿದ ಫ್ಯಾನೂ ನಿಧಾನವಾಗಿ ತಂಪು ಸಾಲುವುದಿಲ್ಲ. ಏಟು ಸಾಲದೆಂದು ಕೆಲಸಗಾರ ಮೈಭಾರ ಹಾಕಿ ಒತ್ತುತ್ತಾನೆ, ಬಿಡುವು ಕೊಡುವುದಿಲ್ಲ. ಇದಕ್ಕೆ ಮದ್ದು ಬಹಳ ಸರಳ. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರಿನ ಸ್ವಂತ ಎಕ್ಸ್‌ಟೆನ್ಷನ್ನನ್ನು ಮೆಷಿನ್ ಜತೆಗೇ ಕೊಟ್ಟುಬಿಡುವುದು. ಅದಕ್ಕೆ ಬೇರೆ ಬಾಡಿಗೆ ಕೇಳಬೇಡಿ, ಬ್ರೇಕರ್‌ನ ದರದಲ್ಲೇ ಸೇರಿಸಿ. ಬೇರೆ ಕೇಳಿದರೆ ಗಿರಾಕಿ ‘ಬೇಡ, ಸೈಟಲ್ಲಿದೆ’ ಎನ್ನುತ್ತಾನೆ, ಆರ್ಮೇಚರ್ ನಿಮ್ಮದು ಹೋಗುತ್ತದೆ.

ಇನ್ನೆರಡು ಕಾರಣ ಬಳಕೆಯವು. ಕಾಂಕ್ರೀಟಿಗೆ ಸಿಕ್ಕಿಕೊಂಡ ಚಿಸೆಲ್ಲನ್ನು ಮೆಷಿನ್ನಿನಿಂದಲೇ ಮೀಟಿ ಎಬ್ಬಿಸುವುದು, ಇದರಿಂದ ಚಿಸೆಲ್ ಹಿಡಿಯುವ ಮೂತಿ ಬಾಯ್ಬಿಡುತ್ತದೆ. ಇನ್ನೊಂದು, ಚಿಸೆಲ್ ಏನಕ್ಕೂ ತಾಗದೆ ಗಾಳಿಯಲ್ಲಿ ಓಡಿಸುವುದು, ಒಳಗಿನ ಬಡಿತದ ಭಾಗಗಳಿಗೆ ಅದು ಪೆಟ್ಟು. ಇವೆರಡನ್ನು ಬಿಲ್ಲಿನಲ್ಲಿ ಬರೆದರೆ ಯಾರೂ ಓದುವುದಿಲ್ಲ. ಮೆಷಿನ್ ಕೈಗೆ ಕೊಡುವಾಗ ಒಂದು ನಿಮಿಷ ಓಡಿಸಿ ತೋರಿಸಿ, ಆಗಲೇ ಹೇಳಬೇಕು.

ವಾಪಸು ಬಂದಾಗಿನ ಪರೀಕ್ಷೆಯನ್ನು ಹತ್ತಿರದಿಂದ ನೋಡಿದ್ದೇನೆ. ಅನುಭವಿ ಅಂಗಡಿಯವರು ಮೊದಲು ಸ್ವಿಚ್ ಒತ್ತುವುದಿಲ್ಲ, ಗಾಳಿ ಬರುವ ಕಿಂಡಿಗೆ ಮೂಗು ಹಿಡಿಯುತ್ತಾರೆ. ವಾರ್ನಿಷ್ ಸುಟ್ಟ ವಾಸನೆ ಬಂದರೆ ಅಲ್ಲೇ ಮಾತು ನಿಲ್ಲುತ್ತದೆ. ಆಮೇಲೆ ಓಡಿಸಿ ಕಿಂಡಿಯೊಳಗಿನ ಕಿಡಿ ನೋಡುತ್ತಾರೆ. ಕಾರ್ಬನ್ ತಾಗುವಲ್ಲಿ ಸಣ್ಣ ನೀಲಿ ಕಿಡಿ ಸಹಜ, ಸುತ್ತ ಉಂಗುರದಂತೆ ಬೆಂಕಿ ಸುತ್ತಿದರೆ ಕಾರ್ಬನ್ ಮುಗಿದಿದೆ ಇಲ್ಲವೇ ಆರ್ಮೇಚರ್ ಹೋಗುತ್ತಿದೆ. ವೈರನ್ನು ಕುತ್ತಿಗೆಯ ಬಳಿ ಬಗ್ಗಿಸಿ ನೋಡುತ್ತಾರೆ. ಚಿಸೆಲ್ಲನ್ನು ಗೋಡೆಯ ಗುರುತಿಗೆ ಹಿಡಿದು ಉದ್ದ ಅಳೆಯುತ್ತಾರೆ, ಒಯ್ಯುವಾಗಿನ ಉದ್ದ ಬಿಲ್ಲಿನಲ್ಲಿರುತ್ತದೆ. ಚೂಪು ಸವೆದಿದ್ದರೆ ಅದು ಬಾಡಿಗೆಯಲ್ಲೇ ಸೇರಿತು, ಮುರಿದು ಎರಡಿಂಚು ಹೋಗಿದ್ದರೆ ಗಿರಾಕಿಯದು.

ಕೊನೆಗೆ ನೋಡುವುದು ಸ್ಕ್ರೂಗಳ ತಲೆ. ಪ್ರತಿ ಮೆಷಿನ್ನಿನ ಕವಚದ ಎರಡು ಸ್ಕ್ರೂಗಳ ಮೇಲೆ ಉಗುರುಬಣ್ಣದ ಒಂದೊಂದು ಚುಕ್ಕಿ ಇರುತ್ತದೆ. ಆ ಚುಕ್ಕಿ ಒಡೆದಿದ್ದರೆ ಯಾರೋ ಮೆಷಿನ್ ಬಿಚ್ಚಿದ್ದಾರೆ. ಒಳಗಿನ ಒಳ್ಳೆಯ ಆರ್ಮೇಚರ್ ತೆಗೆದು ತಮ್ಮ ಹಳೆಯದನ್ನು ಹಾಕಿ ಕೊಡುವ ಮೋಸ ಈ ವ್ಯಾಪಾರದಲ್ಲಿ ಇದೆ. ಹೊರಗಿನಿಂದ ನೋಡಿದರೆ ಅದು ನಿಮ್ಮದೇ ಮೆಷಿನ್, ನಿಮ್ಮದೇ ನಂಬರ್. ಅಂಗಡಿಯ ಹೆಸರನ್ನು ಹೊರಗೆ ಕೆತ್ತಿಸಿದರೆ ಇದಕ್ಕೆ ತಡೆಯಿಲ್ಲ. ಐದು ರೂಪಾಯಿಯೂ ಬೀಳದ ಆ ಬಣ್ಣದ ಚುಕ್ಕಿಯಿಂದ ತಡೆಯಿದೆ. ಬಣ್ಣ ಯಾವುದೆಂದು ಆಗಾಗ ಬದಲಿಸುತ್ತಿರಬೇಕು.

ಮೋಟಾರ್ ಸುಟ್ಟಾಗ ಜಗಳ ಹುಟ್ಟುವುದು ‘ನಾನು ಸುಟ್ಟೆನೋ, ಮೊದಲೇ ಹೋಗಿತ್ತೋ’ ಎಂಬುದರ ಮೇಲೆ. ಬಿಚ್ಚಿ ನೋಡಿದರೆ ಮೆಷಿನ್ನೇ ಸಾಕ್ಷಿ ಹೇಳುತ್ತದೆ. ಆರ್ಮೇಚರ್‌ನ ಸುತ್ತಲೂ ತಂತಿಯೆಲ್ಲ ಒಂದೇ ಸಮ ಕಪ್ಪಾಗಿ, ಫೀಲ್ಡ್ ಕಾಯಿಲ್ ಕೂಡ ಸೀದಿದ್ದರೆ ಅದು ಅತಿಭಾರ. ತಾಮ್ರದ ಪಟ್ಟಿಗಳ ಸಾಲಿನಲ್ಲಿ ಒಂದೆರಡು ಮಾತ್ರ ಸುಟ್ಟು ಉಳಿದವು ಹೊಳೆಯುತ್ತಿದ್ದರೆ ಒಂದು ಸುತ್ತು ತಂತಿ ವಯಸ್ಸಾಗಿ ಕಡಿದಿದೆ, ಅದನ್ನು ಗಿರಾಕಿಯ ತಲೆಗೆ ಕಟ್ಟಬಾರದು. ಇದನ್ನು ಅವರ ಎದುರಿಗೇ ಬಿಚ್ಚಿ ತೋರಿಸುವ ಅಂಗಡಿಗೆ ಮೇಸ್ತ್ರಿಗಳು ಮತ್ತೆ ಬರುತ್ತಾರೆ. ತಪ್ಪು ತಮ್ಮದೆಂದು ಕಂಡಾಗ ಹಣವನ್ನೂ ಕೊಡುತ್ತಾರೆ.

ಕಾನೂನು ಈ ವ್ಯವಹಾರವನ್ನು ಬಹಳ ಹಿಂದೆಯೇ ಬರೆದಿಟ್ಟಿದೆ. 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಂನಿಂದ ಮುಂದೆ, ಒಬ್ಬರ ಸಾಮಾನು ಇನ್ನೊಬ್ಬರ ಕೈಗೆ ಬಳಕೆಗೆಂದು ಹೋದಾಗ ಯಾರ ಹೊಣೆ ಎಷ್ಟು ಎಂಬುದಿದೆ. ಅದರಲ್ಲಿ ಬಾಡಿಗೆ ಕೊಡುವವರು ತಿಳಿದಿರಲೇಬೇಕಾದ್ದು ಎರಡು. 152ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ಸಾಮಾನನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಒಯ್ದವನು ಅದನ್ನು ನೋಡಿಕೊಂಡಿದ್ದರೆ, ಅದು ಕಳೆದುಹೋದರೂ ಕೆಟ್ಟರೂ ಅವನು ಹೊಣೆಯಲ್ಲ, ಬೇರೆ ಕರಾರು ಇಲ್ಲದಿದ್ದರೆ. ಸೈಟಿನ ಕೋಣೆಗೆ ಬೀಗ ಹಾಕಿದ್ದೆ, ಬೀಗ ಒಡೆದು ಕದ್ದರು ಎಂದರೆ ನಿಮ್ಮ ಕೈ ಬರಿದು. ಆದ್ದರಿಂದ ಆ ‘ಬೇರೆ ಕರಾರು’ ಬಿಲ್ಲಿನ ಮೇಲೆಯೇ ಇರಬೇಕು, ಕಳೆದರೆ ಇಷ್ಟು ರೂಪಾಯಿ ಎಂದು, ಸಹಿಯ ಮೇಲೆ. ಆ ಮೊತ್ತ ಹೊಸ ಮೆಷಿನ್ನಿನ ಬೆಲೆ ಆಗಬಾರದು. ಒಂದು ವರ್ಷ ದುಡಿದ ಬ್ರೇಕರ್‌ಗೆ ₹18,000 ಎಂದು ಬರೆದರೆ ನ್ಯಾಯವೂ ಹೌದು, ಜಗಳವಾದಾಗ ನಿಲ್ಲುವ ಮಾತೂ ಹೌದು. ತಡವಾಗಿ ತಂದರೆ ದಿನಕ್ಕೆ ಮೂರು ಪಟ್ಟು ದಂಡ ಎಂಬಂಥ ಬೋರ್ಡುಗಳಿಗೂ ಇದೇ ಮಾತು. ಅದೇ ಕಾಯ್ದೆಯ 74ನೇ ಕಲಂ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ.

ಎರಡನೆಯದು ನಮ್ಮ ಮೇಲೆ ಬೀಳುವ ಹೊಣೆ. 150ನೇ ಕಲಂ ಪ್ರಕಾರ, ಬಾಡಿಗೆಗೆ ಕೊಟ್ಟ ಸಾಮಾನಿನ ದೋಷದಿಂದ ಒಯ್ದವನಿಗೆ ಹಾನಿಯಾದರೆ, ಆ ದೋಷ ನಮಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ನಾವೇ ಹೊಣೆ. ಪುಕ್ಕಟೆಯಾಗಿ ಕೊಟ್ಟಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎನ್ನಬಹುದಿತ್ತು, ಬಾಡಿಗೆ ತೆಗೆದುಕೊಂಡ ಮೇಲೆ ಆ ಮಾತಿಲ್ಲ. ಟೇಪ್ ಸುತ್ತಿದ ವೈರ್, ಗಾರ್ಡ್ ಬಿಚ್ಚಿದ ಕಟಿಂಗ್ ಮೆಷಿನ್, ಇವು ಅಂಗಡಿಯ ಹೊಸ್ತಿಲು ದಾಟಲೇಬಾರದು. ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿಕೊಂಡು ಬಳಸುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಬ್ಲೇಡ್ ಸಿಕ್ಕಿಕೊಂಡು ಮೆಷಿನ್ ಹಿಂದಕ್ಕೆ ಎಗರಿದರೆ ಕೈ, ಮುಖ ಉಳಿಯುವುದಿಲ್ಲ. ಅದಕ್ಕೆಂದು ಕೇಳುವವನಿಗೆ ಗ್ರೈಂಡರ್ ಇಲ್ಲ ಎನ್ನಬೇಕು. ಒಂದು ಜತೆ ಕನ್ನಡಕ, ಕಿವಿಗೆ ಮುಚ್ಚುವ ತುಂಡು ಬ್ರೇಕರ್ ಪೆಟ್ಟಿಗೆಯಲ್ಲೇ ಇರಲಿ.

ಅಡ್ವಾನ್ಸ್ ಎಷ್ಟು ಎಂಬಲ್ಲಿ ಹೊಸಬರು ಎಡವುತ್ತಾರೆ. ಪೂರ್ತಿ ಬೆಲೆ ಕೇಳಿದರೆ ಮೇಸ್ತ್ರಿ ಬರುವುದಿಲ್ಲ. ಬಾಡಿಗೆಯಷ್ಟೇ ಕೇಳಿದರೆ ಆರ್ಮೇಚರ್ ಸುಟ್ಟ ದಿನ ಅವನು ಫೋನ್ ಎತ್ತುವುದಿಲ್ಲ. ಅಡ್ವಾನ್ಸ್ ಇರುವುದು ಹಾನಿಗೆ, ಕಳವಿಗಲ್ಲ ಎಂದು ತಿಳಿದರೆ ಮೊತ್ತ ತಾನಾಗಿ ಹೊರಡುತ್ತದೆ. ಒಂದು ಆರ್ಮೇಚರ್ ಮತ್ತು ಎರಡು ದಿನದ ಬಾಡಿಗೆ, ಸುಮಾರು ₹5,000. ಪರಿಚಿತರಿಗೆ ಇದನ್ನು ಇಳಿಸಬಹುದು. ಕಳವಿಗೆ ಕಾವಲು ಬೇರೆ, ಅದು ಮನುಷ್ಯನ ಗುರುತು. ಆಧಾರ್‌ನ ಮೂಲ ಪ್ರತಿ ಹಿಡಿದಿಟ್ಟುಕೊಳ್ಳುವುದರಿಂದ ಏನೂ ಆಗದು, ಮೋಸ ಮಾಡುವವನು ಅದನ್ನು ಬಿಟ್ಟು ಹೋಗಿ ಇನ್ನೊಂದು ಪ್ರತಿ ಮುದ್ರಿಸಿಕೊಳ್ಳುತ್ತಾನೆ. ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಅದಕ್ಕಿಂತ ಬಲವಾದವು ಬೇರೆ ಇವೆ. ಅಡ್ವಾನ್ಸನ್ನು ಅವನದೇ ಫೋನಿನಿಂದ ಯುಪಿಐನಲ್ಲಿ ಹಾಕಿಸಿ, ತೆರೆಯ ಮೇಲೆ ಬಂದ ಹೆಸರನ್ನು ಗುರುತಿನ ಚೀಟಿಯ ಹೆಸರಿಗೆ ಹೋಲಿಸಿ. ಕೊಟ್ಟ ನಂಬರಿಗೆ ಅವನೆದುರೇ ಒಂದು ಕರೆ ಮಾಡಿ. ಕೆಲಸ ನಡೆಯುವ ಮನೆಯ ವಿಳಾಸ, ಮನೆಯವರ ಹೆಸರು ಕೇಳಿ. ಮೆಷಿನ್ನಿನ ನಂಬರ್ ಪ್ಲೇಟ್ ಕಾಣುವಂತೆ ಅದನ್ನು ಹಿಡಿದ ಅವನ ಫೋಟೋ ತೆಗೆಯಿರಿ. ನಿಜವಾದ ಕೆಲಸದವನಿಗೆ ಇದ್ಯಾವುದೂ ಎರಡು ನಿಮಿಷಕ್ಕಿಂತ ಹೆಚ್ಚಲ್ಲ, ತಡವರಿಸುವವನು ವಿಳಾಸದ ಪ್ರಶ್ನೆಯಲ್ಲೇ ತಡವರಿಸುತ್ತಾನೆ.

ವಿಮೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಅಂಗಡಿಗೆ ಮಾಡಿಸುವ ಕಳವಿನ ಪಾಲಿಸಿ ಬೀಗ ಒಡೆದು ಒಳಬಂದ ಕಳ್ಳನಿಗೆ. ನೀವೇ ಕೈಯಾರೆ ಕೊಟ್ಟ ಮೆಷಿನ್ ಬಾರದಿದ್ದರೆ ಅದು ಸಾಮಾನ್ಯವಾಗಿ ಆ ಪಾಲಿಸಿಯೊಳಗೆ ಬರುವುದಿಲ್ಲ. ದಿನಕ್ಕೆ ₹25 ಎಂದು ತೆಗೆದಿಟ್ಟದ್ದು ಇದಕ್ಕೇ. ನಂಬಿ ಕೊಟ್ಟ ವಸ್ತುವನ್ನು ನುಂಗಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಪ್ರಕಾರ ಅಪರಾಧ, ಪೊಲೀಸರ ಬಳಿ ಹೋಗುವಾಗ ಸಹಿ ಮಾಡಿದ ಬಿಲ್ಲು, ಸೀರಿಯಲ್ ನಂಬರ್, ಫೋಟೋ ಕೈಯಲ್ಲಿರಬೇಕು. ತೆರಿಗೆಯ ಮಾತು ಚಿಕ್ಕದು. ಬಾಡಿಗೆ ಸೇವೆಯ ಲೆಕ್ಕಕ್ಕೆ ಸೇರುತ್ತದೆ, ವರ್ಷದ ವಹಿವಾಟು ₹20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ.

ಇನ್ನುಳಿದದ್ದು ಮೂರನೆಯ ಮೆಷಿನ್ ಯಾವಾಗ ಎಂಬುದು. ಬಾಡಿಗೆಗೆ ಹೋದ ದಿನಗಳನ್ನು ಎಲ್ಲರೂ ಬರೆದಿಡುತ್ತಾರೆ. ‘ಇಲ್ಲ’ ಎಂದು ಕಳಿಸಿದವರನ್ನು ಬರೆದಿಡುವವರು ಕಡಿಮೆ. ಗಲ್ಲದ ಪಕ್ಕದ ನೋಟ್‌ಬುಕ್ಕಿನಲ್ಲಿ ದಿನಾಂಕ, ಕೇಳಿದ ಸಾಮಾನು, ಎಷ್ಟು ದಿನಕ್ಕೆ ಎಂದಷ್ಟೇ ಬರೆದರೆ ಸಾಕು. ಎರಡು ಬ್ರೇಕರೂ ಹೊರಗಿದ್ದಾಗ ಬಂದು ಮರಳಿದವರ ದಿನಗಳನ್ನು ಕೂಡಿಸಿ ತಿಂಗಳಿಗೆ ಐದಕ್ಕಿಂತ ಹೆಚ್ಚಾದರೆ, ಹಾಗೆ ಮೂರು ತಿಂಗಳು ನಡೆದರೆ, ಮೂರನೆಯದು ತನ್ನ ಅಸಲನ್ನು ತಾನು ದುಡಿಯುತ್ತದೆ. ಒಂದೇ ವಾರ ಹತ್ತು ಜನ ಬಂದು ಆಮೇಲೆ ಯಾರೂ ಬಾರದಿದ್ದರೆ ಅದು ಯಾವುದೋ ಬಡಾವಣೆಯ ಒಂದು ಕೆಲಸದ ಗದ್ದಲ. ಅಂಥ ವಾರದಲ್ಲಿ ಪಕ್ಕದ ಊರಿನ ಅಂಗಡಿಯಿಂದ ಒಂದು ಬ್ರೇಕರನ್ನು ವಾರದ ದರಕ್ಕೆ ತಂದು ದಿನದ ದರಕ್ಕೆ ಕೊಡಿ, ಹೊಸದಕ್ಕೆ ಮೂವತ್ತು ಸಾವಿರ ಹಾಕಬೇಡಿ. ಆದರೆ ಹಾಗೆ ತಂದು ಕೊಡುವುದನ್ನು ಆ ಅಂಗಡಿಯವರಿಗೆ ಮೊದಲೇ ಹೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. 154ನೇ ಕಲಂ ಪ್ರಕಾರ, ಕರಾರಿಗೆ ಹೊರತಾದ ರೀತಿಯಲ್ಲಿ ಬಳಸಿ ಹಾನಿಯಾದರೆ ಪೂರ್ತಿ ಹೊಣೆ ಒಯ್ದವನದು, ಆಗ ಒಯ್ದವರು ನೀವೇ ಆಗಿರುತ್ತೀರಿ.